ಗೆಜ್ಜೆ ನಿಂತರೆ ಏಳುವ ಕೂಸು

ಹಿರೇಕೆರೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಅವತ್ತು ಸಂಜೆ ನಾಲ್ಕು ಮಂದಿ ಕೂತಿದ್ದೆವು. ಸಾಲಿ ಮಾಸ್ತರರಾಗಿದ್ದ ನಮ್ಮ ಮನೆಯವರು, ಅವರೆಕಾಳು ಸುಲಿಯುತ್ತಿದ್ದ ಅತ್ತಿ, ಮೆಟ್ಟಿಲಿಗೆ ಒರಗಿದ್ದ ಗಾಡಿ ಹೊಡೆಯುವ ಚಾಚಾ, ನಾನು. ಐದನೆಯವನು ನನ್ನ ತೊಡೆಯ ಮೇಲೆ ಮಲಗಿದ್ದ. ಒಂದೂವರೆ ವರ್ಷದ ನನ್ನ ಮಗ. ಮಾತೆಲ್ಲ ಅವನನ್ನು ಕುರಿತೇ.

ಆ ದಿನ ಮಧ್ಯಾಹ್ನ ಸವಣೂರಿನ ಎಲೆ ವ್ಯಾಪಾರಿಯೊಬ್ಬ ಅಜ್ಜಿಯ ಮಾತು ತಂದು ಮುಟ್ಟಿಸಿದ್ದ. ನನ್ನನ್ನು ಸಾಕಿದ ಅಜ್ಜಿ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಮನುಷ್ಯರ ಮುಖ ಹಗಲಿನ ಒಳ್ಳೆ ಬೆಳಕಿನಲ್ಲಿ ಅಷ್ಟೇ ಕಾಣುತ್ತಿತ್ತಂತೆ. “ಅದೂ ಮುಚ್ಚೂದರಾಗ ಕೂಸಿನ ಮಾರಿ ಒಮ್ಮಿ ತೋರಸ್ರಿ” ಎಂದು ಹೇಳಿ ಕಳಿಸಿದ್ದಳು.

ಲಡಾಯಿಯ ಕಾಲ. ಪೆಟ್ರೋಲು ಸಿಗದೆ ಸರ್ವಿಸ್ ಮೋಟಾರುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡಿದ ದಿನ ಓಡಿದವು. ಆ ವಾಸನೆಗೆ ದೊಡ್ಡವರೇ ವಾಂತಿ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಗಾಡಿಯಲ್ಲೇ ಹೋಗುವುದೆಂದಾಯಿತು.

“ಕೋಳಿ ಕೂಗೂದರಾಗ ಹೂಡಬೇಕು. ಎತ್ತಿಗೆ ತಂಪು, ನಮಗೂ ಹಾದಿ ಸಾಗ್ತದ” ಅಂದರು ನಮ್ಮವರು.

“ಎತ್ತಿಗೆ ತಂಪು ಖರೆ. ಕೂಸಿಗೆ?” ಅಂದರು ಅತ್ತಿ.

“ಅವ್ವಾ, ಅವನೇನು ಗಾಡಿ ಎಳಿತಾನೇನು?”

ಚಾಚಾ ನಕ್ಕ. ಅತ್ತಿ ನಗಲಿಲ್ಲ. ನಮ್ಮವರ ಮಾತೇ ನಡೆಯಿತು. ಅಜ್ಜಿಯ ಕಣ್ಣು ನೆನೆದು ನಾನೂ ಅವರ ಕಡೆಯೇ ಆದೆ.

ಕತ್ತಲಲ್ಲೇ ಮಲಗಿದ್ದವನನ್ನು ಎತ್ತಿ ಗಾಡಿಗೆ ಹಾಕಿದೆ. ನನ್ನ ಮಗ ಎದ್ದ ಮೇಲೆ ಬಹಳ ಹೊತ್ತು ಯಾರ ಮಾರಿಯನ್ನೂ ನೋಡುವವನಲ್ಲ. ಬೆರಳು ಚೀಪುತ್ತ ತೊಡೆಯ ಮೇಲೆ ಕೂತು, ಗಂಜಿ ಕುಡಿದು, ಆಮೇಲೆ ಲೋಕಕ್ಕೆ ಇಳಿಯುವವನು. ಅವತ್ತು ಅದೊಂದೂ ಆಗಲಿಲ್ಲ. ಬೆಳಗಾಗುವ ತನಕ ಅತ್ತ. ಬಿಸಿಲೇರುವ ಹೊತ್ತಿಗೆ, ಎತ್ತಿನ ಕೊರಳ ಗೆಜ್ಜೆಯ ಸಪ್ಪಳಕ್ಕೆ ಹಾಗೂ ಹೀಗೂ ಕಣ್ಣು ಮುಚ್ಚಿದ. ಅಷ್ಟರಲ್ಲಿ ಚಾಚಾ ಎತ್ತು ದಣಿದವೆಂದು ಮಾವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ ನೊಗದಿಂದ ಬಿಚ್ಚಿದ. ಗೆಜ್ಜೆ ನಿಂತಿತು. ಕೂಸು ಎದ್ದಿತು. ತಿಳವಳ್ಳಿ ಮುಟ್ಟುವ ತನಕ ಅದರ ಅಳುವನ್ನು ಹಾದಿಯ ಹೊಲದವರೆಲ್ಲ ಕೇಳಿದರು.

ತಿಳವಳ್ಳಿಯಲ್ಲಿ ನಮ್ಮವರ ನೆಂಟರ ಮನೆ. ದೊಡ್ಡ ಮನೆ, ದೊಡ್ಡ ಉಪಚಾರ. ಆದರೆ ಅಂಗಳದ ನಡುವೆ ಕಟ್ಟೆಯಿಲ್ಲದ ಬಾವಿ. ಸಂಜೆಯೆಲ್ಲ ಕೂಸಿನ ಅಂಗಿಯ ತುದಿ ಹಿಡಿದು ನಾನು ಅವನ ಹಿಂದೆ ಓಡಿದೆ. ಹೋಳಿಗೆ ಬಡಿಸಿದ್ದರಂತೆ. ನನಗೆ ರುಚಿ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅತ್ತಿ ಗಾಡಿಯ ನೊಗದ ಮೇಲೆ ಹೋಗಿ ಕೂತುಬಿಟ್ಟರು.

“ಅವನು ತಾನಾಗೇ ಏಳೂತನಕ ಯಾರೂ ಹೂಡೂಹಂಗಿಲ್ಲ.”

“ಅವ್ವಾರ, ಬಿಸಲು!” ಅಂದ ಚಾಚಾ.

“ಬಿಸಲಾಗ ಯಾರು ಹೊಡಿ ಅಂದಾರ? ಎದ್ದು, ಉಂಡು, ಒಂದಿಷ್ಟು ದೂರ ಹೋಗೂಣು. ಬಿಸಲೇರಿದ ಕೂಡ್ಲೆ ಮರದ ಬುಡಕ ಬಿಡು. ಎತ್ತು ಮೆಲುಕು ಹಾಕಲಿ, ಇವ ಮಣ್ಣಾಗ ಆಡಲಿ, ಮೊಸರನ್ನ ಉಣ್ಣಲಿ. ಇವನ ಕಣ್ಣು ಜೋಲತಾವಲ್ಲ, ಆವಾಗ ಹೂಡು. ಗೆಜ್ಜಿ ಸಪ್ಪಳಕ್ಕ ಮಲಗತಾನ. ಊರು ಬರೂತನಕ ನಿಲ್ಲಸಬ್ಯಾಡ.”

ಚಾಚಾ ಗಡ್ಡ ತುರಿಸಿಕೊಂಡ. “ಎತ್ತಿಗೂ ಇದ ಚಲೋ ಐತ್ರಿ. ನಿನ್ನೆ ಯಾಕ ಹೇಳಲಿಲ್ಲ?”

“ನಿನ್ನೆ ಯಾರು ಕೇಳತಿದ್ರು?”

ನಮ್ಮವರು ಮಾತ್ರ ಬೆರಳು ಮಡಿಚಿ ಲೆಕ್ಕ ಹಾಕಿ, ಮುಟ್ಟುವುದು ತಡವಾಗುತ್ತದೆ ಎಂದು ಸಣ್ಣ ದನಿಯಲ್ಲಿ ಅಂದರು. ನಾನು ಆಕಾಶ ನೋಡಿದೆ. ದಿನಾ ಸಂಜೆ ಮೋಡ ಕಟ್ಟುತ್ತಿತ್ತು. ಮಳೆಗಾಲ ಹಿಡಿದರೆ ಅಜ್ಜಿಗೆ ಬೇಕಾದ ಬೆಳಕೇ ಇರುವುದಿಲ್ಲ.

ಆದರೂ ಹಾದಿ ಸುಧಾರಿಸಿತು. ಗೆಜ್ಜೆ ನುಡಿಯುವಷ್ಟು ಹೊತ್ತು ಕೂಸು ಕೌದಿಯಲ್ಲಿ ಮುದ್ದೆಯಾಗಿ ಮಲಗುತ್ತಿತ್ತು. ಊರು ಬಂದು ಗಾಡಿ ನಿಂತರೆ ಯಾರೋ ಕರೆದಂತೆ ಎದ್ದು ನಗುತ್ತಿತ್ತು. ಹಾನಗಲ್ಲಿನಲ್ಲಿ ಅಟ್ಟದ ಮನೆಯವರು ಕರೆದರೂ ಹೋಗದೆ, ಮೆಟ್ಟಿಲೇ ಇಲ್ಲದ ಒಬ್ಬ ವಿಧವೆಯ ಸಣ್ಣ ಮನೆಯಲ್ಲಿ ಉಳಿದೆವು. ಅಟ್ಟದವರು ಸಿಟ್ಟಾದರು. ಆಗಲಿ ಅಂದರು ಅತ್ತಿ. ಶಿಗ್ಗಾಂವಿ ಮುಟ್ಟಲು ಎರಡು ದಿನ ಮಾಡಿದೆವು. ಅಲ್ಲಿ ನಮ್ಮ ಪರಿಚಯದ ಕಾಳಿನ ವ್ಯಾಪಾರಿಯ ಮನೆ. ಪಡಸಾಲೆಯ ಜೋಳದ ಚೀಲಗಳ ಮೇಲೆ ಹತ್ತಿ ಇಳಿದು, ಹತ್ತಿ ಇಳಿದು, ಉಣ್ಣದೆಯೇ ಮಲಗಿಬಿಟ್ಟ ನನ್ನ ಮಗ.

ಕಡೆಯ ದಿನದ ತೊಡಕು ಅಲ್ಲೇ ಗೊತ್ತಾಯಿತು. ಕೂಸಿನ ನಿದ್ದೆ ನೋಡಿಕೊಂಡು ಹೋದರೆ ಸವಣೂರು ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ಅಜ್ಜಿಗೆ ಆ ಹೊತ್ತಿನಲ್ಲಿ ಏನೂ ಕಾಣದು. ನಸುಕಿನಲ್ಲಿ ಹೂಡಿದರೆ ಹಗಲಿಗೇ ಮುಟ್ಟಬಹುದು, ಕೂಸು ಮಾತ್ರ ಅತ್ತತ್ತು ಮಾರಿ ಊದಿಸಿಕೊಂಡಿರುತ್ತದೆ. ಅಜ್ಜಿ ಮೊದಲ ಸಲ ನೋಡುವ ಮಾರಿ ಅದು, ಕಡೆಯ ಸಲವೂ ಆದೀತು.

ಚಾಚಾ ಹಾದಿ ತೋರಿಸಿದ. ಸವಣೂರು ಇನ್ನೂ ಒಂದು ಹರದಾರಿ, ಅಂದರೆ ಮೂರು ಮೈಲಿ, ಇರುವಾಗ ಒಂದು ಹಳ್ಳಿ. ಅಲ್ಲಿ ಅವನ ತಂಗಿಯ ಮನೆ. “ರಾತ್ರಿ ಅಲ್ಲೇ ಇರ್ರಿ. ಮುಂಜಾನೆ ಸಾವಕಾಶ ಹೋಗೂಣ್ರಿ.”

ನನಗೆ ಅಳುವೇ ಬಂತು. “ಅತ್ತೀ, ನನ್ನ ತವರು ಅಲ್ಲೇ ಐತಿ. ಊರ ಹತ್ತರ ಬಂದು ಹೊರಗ ಉಳಿದ್ರ ಅಜ್ಜಿ ಏನಂದಾಳು?”

“ಬೈತಾಳ. ಬೈಸಿಕೊಳ್ಳೂಣು. ಬೈಯಾಕ ಕಣ್ಣು ಬೇಕಾಗಿಲ್ಲ, ನೋಡಾಕ ಬೇಕು” ಅಂದರು ಅತ್ತಿ.

ಚಾಚಾನ ತಂಗಿ ನಮ್ಮನ್ನು ಕಂಡ ಕೂಡಲೇ ಬಾವಿಯ ಬಾಯಿಗೆ ಹಲಗೆ ಎಳೆದಳು, ನಾಯಿಯನ್ನು ಹಿತ್ತಲಿಗೆ ಕಟ್ಟಿದಳು. ನಾವು ಅವಳ ಅಂಗಳದಲ್ಲೇ ಕಲ್ಲು ಹೂಡಿ ನಮ್ಮ ಅಡಿಗೆ ಮಾಡಿಕೊಂಡೆವು. ಆ ಕಾಲ ಹಾಗಿತ್ತು. ಕೂಸಿಗೆ ಕಾಲಗೀಲ ಇಲ್ಲ. ಅವಳು ಕೊಟ್ಟ ಆಡಿನ ಹಾಲನ್ನು ಬಟ್ಟಲಿಗೆ ಬಾಯಿ ಹಚ್ಚಿ ಕುಡಿಯಿತು. ಅತ್ತಿ ಆಗ ಬೇಕೆಂದೇ ಮೋಡ ನೋಡುತ್ತ ನಿಂತಿದ್ದರು.

“ನೋಡಿದ್ರೇನು ಅವ್ವಾರ?” ಅಂದ ಚಾಚಾ.

“ನಾ ಮಳಿ ಬರತದೇನಂತ ನೋಡಾಕತ್ತೇನಿ. ನೀ ಎತ್ತಿಗೆ ನೀರು ಕುಡಸು.”

ಮುಂಜಾನೆ ಮೋಡ ಒಡೆದು ಬಿಸಿಲು ಬಂದಿತ್ತು. ನಾನು ಚಡಪಡಿಸುತ್ತಿದ್ದೆ. ಕೂಸು ತಾನಾಗಿ ಎದ್ದಿತು, ತೊಡೆಯ ಮೇಲೆ ಕೂತು ಬೆರಳು ಚೀಪಿತು, ಆಡಿನ ಮರಿಯ ಕಿವಿ ಎಳೆಯಿತು. ಅತ್ತಿ ಎಣ್ಣೆ ಹಚ್ಚಿ ಎರೆದು, ಗಂಜಿ ಕುಡಿಸಿ, ತಲೆಗೆ ಕುಲಾಯಿ ಕಟ್ಟಿದರು. ಒಂದಕ್ಕೂ ಅವಸರ ಮಾಡಲಿಲ್ಲ.

ಅಜ್ಜಿ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತಿದ್ದಳು. ಗಾಡಿಯಿಂದ ಇಳಿಸಿದ ಕೂಡಲೇ ನನ್ನ ಮಗ ಕೈಬಿಡಿಸಿಕೊಂಡು ತನ್ನ ಕಾಲಿನ ಮೇಲೆ ತಾನೇ ನಡೆದು ಹೋಗಿ ಅವಳ ಮೊಣಕಾಲು ಹಿಡಿದ. ಅಜ್ಜಿ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಅವನೂ ನೋಡಿದ.

“ಗದ್ದ ನಮ್ಮಪ್ಪಂದು. ಕಣ್ಣು ಯಾರವೋ ಏನೋ, ಕಳ್ಳನವು” ಅಂದಳು.

ಆಮೇಲೆ ಎಲ್ಲಿ ಉಳಿದಿದ್ದಿರಿ ಎಂದು ಕೇಳಿದಳು. ಹೇಳಿದೆವು. ಅತ್ತಿ ಅಂದಂತೆಯೇ ಬೈದಳು, ಊಟಕ್ಕೆ ಕೂತರೂ ಬಿಡಲಿಲ್ಲ. ಬೈಯುವಾಗಲೂ ಒಂದು ಕೈ ಅವನ ಗದ್ದದ ಮೇಲೇ ಇತ್ತು.

ದಸರೆಯ ಹೊತ್ತಿಗೆ ಅಜ್ಜಿಗೆ ಆ ಕಣ್ಣೂ ಕಾಣದಾಯಿತು. ಮೂರನೆಯ ವರ್ಷ, ಆಮೇಲೆ ಹುಟ್ಟಿದ ಮಗಳನ್ನು ಎತ್ತಿಕೊಂಡು ಮತ್ತೆ ಸವಣೂರಿಗೆ ಹೋದೆವು. ಆ ಸಲ ಹಳ್ಳಿಯಲ್ಲಿ ಉಳಿಯಲಿಲ್ಲ, ದೀಪ ಹಚ್ಚಿದ ಮೇಲೆ ಮುಟ್ಟಿದೆವು. ಮಗಳಿಗೆ ನಿದ್ದೆ ಹತ್ತಿತ್ತು. ಅಜ್ಜಿ ಎಬ್ಬಿಸಬ್ಯಾಡ ಅಂದಳು. ಮಗನನ್ನು ಹತ್ತಿರ ಕರೆದು, ತಂಗಿ ಹೇಗಿದ್ದಾಳೆ ಹೇಳು ಅಂದಳು. ಅವನು ಹೇಳಿದ.