ಮಿಲ್ಲು ನಿಲ್ಲಿಸಿ ಹೇಳಿದ ಥ್ಯಾಂಕ್ಸ್

ಕುದಿಸಿದ ಭತ್ತದ ವಾಸನೆ ಬಲು ಹಟಮಾರಿ. ಕೂದಲಿಗೆ ಹತ್ತಿದರೆ ಎರಡು ಸಲ ತಲೆಗೆ ಎರೆದುಕೊಂಡರೂ ಬಿಡುವುದಿಲ್ಲ. ಹೋದ ತಿಂಗಳು ಕುರುಗೋಡಿನಿಂದ ಬಳ್ಳಾರಿಗೆ ಬರುವ ಬಸ್ಸು ಒಂದು ರೈಸ್ ಮಿಲ್ಲಿನ ಮುಂದೆ ನಿಧಾನವಾದಾಗ ಅದೇ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಸೆರಗು ಮೂಗಿಗೆ ಹಿಡಿದುಕೊಂಡು ಅಳತೊಡಗಿದೆ. ಪಕ್ಕದ ಹೆಂಗಸು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು. ನಾನು ಬರುತ್ತಿದ್ದುದು ನಮ್ಮ ಮೇಸ್ತ್ರಿಯ ಮನೆಯಿಂದ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ದಿನಕರ್ಮಗಳೂ ಮುಗಿದಿದ್ದವು...

ಮದುವೆಗೆ ಮುಂಚೆ ನಾನು ಸಿರುಗುಪ್ಪದ ಒಂದು ಮಿಲ್ಲಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ತೆಕ್ಕಲಕೋಟೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೇಸ್ತ್ರಿ ಅಲ್ಲಿಯ ಯಂತ್ರ, ಆಳು ಎರಡನ್ನೂ ನೋಡಿಕೊಳ್ಳುತ್ತಿದ್ದರು. ಮಿಲ್ಲಿನ ಗದ್ದಲದಲ್ಲಿ ಎಲ್ಲರೂ ಕಿರುಚಿಯೇ ಮಾತಾಡಬೇಕು, ಅವರು ಮಾತ್ರ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳುತ್ತಿದ್ದರು. ನನಗೆ ‘ತಂಗೆವ್ವ’ ಎನ್ನುತ್ತಿದ್ದರು. ನನ್ನ ಬಾಯಿ ಆಗಲೂ ಜೋರೇ, ಈಗಲೂ ಜೋರೇ. ಅವರ ಮುಂದೆ ಮಾತ್ರ ಯಾಕೋ ತಗ್ಗುತ್ತಿತ್ತು.

ಲಾರಿಯಿಂದ ಇಳಿಸಿದ ಭತ್ತವನ್ನು ಮೊದಲು ಸುರಿಯುವುದು ನೆಲದೊಳಗಿನ ಒಂದು ಆಳವಾದ ಗುಂಡಿಗೆ. ಕೆಳಗಿನಿಂದ ಯಂತ್ರ ಅದನ್ನು ಎಳೆದುಕೊಂಡು ಮೇಲಕ್ಕೆ ಒಯ್ಯುತ್ತದೆ. ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಇರಬೇಕು. ಆದರೆ ಸುಗ್ಗಿಯಲ್ಲಿ ಭತ್ತದ ಜೊತೆ ಹುಲ್ಲೂ ಬರುತ್ತದೆ, ಹುಲ್ಲು ಜಾಲರಿಗೆ ಕಟ್ಟಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಹಾಗಂತ ನಮ್ಮ ಸಾವ್ಕಾರರು ಜಾಲರಿ ತೆಗೆಸಿಬಿಟ್ಟಿದ್ದರು. ಹಾಕಿಸಿರಿ ಎಂದು ಮೇಸ್ತ್ರಿ ಕೇಳಿದಾಗಲೆಲ್ಲ ಸುಗ್ಗಿ ಮುಗಿಯಲಿ ಎಂಬ ಉತ್ತರ. ಸುಗ್ಗಿ ಮುಗಿಯುವ ಮುಂಚೆ ದೇಶನೂರು ಕಡೆಯ ಒಬ್ಬ ಹಮಾಲಿ ಕಾಲು ಜಾರಿ ಒಳಗೆ ಬಿದ್ದ. ಯಂತ್ರ ನಿಲ್ಲಿಸುವಷ್ಟರಲ್ಲಿ ಭತ್ತ ಅವನನ್ನು ನುಂಗಿಬಿಟ್ಟಿತ್ತು. ಹೊರಗೆ ತೆಗೆದಾಗ ಮುಚ್ಚಿದ ಮುಷ್ಟಿಯಲ್ಲಿ ಭತ್ತವಿತ್ತು... ಅದನ್ನು ನಾನು ನೋಡಬಾರದಿತ್ತು.

ಅವನು ಕುಡಿದಿದ್ದ ಎಂದರು ಸಾವ್ಕಾರರು. ಅವನು ಎಂದೂ ಕುಡಿದವನಲ್ಲ. ಅಷ್ಟಾದ ಮೇಲೂ ಜಾಲರಿ ಬರಲಿಲ್ಲ. ಮೇಸ್ತ್ರಿ ಒಂದು ದಿನ ಸಾವ್ಕಾರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಡೆಯ ಈಚೆಗಿದ್ದ ನನಗೆ ಸಾವ್ಕಾರರ ಕೂಗಾಟ ಮಾತ್ರ ಕೇಳಿಸಿತು. ಹೊರಗೆ ಬಂದ ಮೇಸ್ತ್ರಿ, ರಾಜೀನಾಮೆ ಕೊಟ್ಟೆ, ತಿಂಗಳು ಇದ್ದು ಕೆಲಸ ಒಪ್ಪಿಸಿ ಹೋಗ್ತೀನಿ ಎಂದರು.

ಆ ತಿಂಗಳು ಮಿಲ್ಲು ಮಿಲ್ಲಾಗಿ ಉಳಿಯಲಿಲ್ಲ. ಸಂಜೆ ಯಂತ್ರ ನಿಂತ ಮೇಲೆ ಗುಂಡಿಯೊಳಗೆ ಸರ್ರ್ ಎಂದು ಭತ್ತ ಜಾರುವ ಸದ್ದು ಬರುತ್ತಿತ್ತು. ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಹಮಾಲಿಗಳು ಅತ್ತ ಬೆನ್ನು ಕೊಟ್ಟು ನಿಲ್ಲುವುದನ್ನು ಬಿಟ್ಟರು. ಚೀಲ ಹೊಲಿಯುವ ಹೆಂಗಸರು ಗುಂಡಿಯ ಅಂಚಿಗೆ ಊದುಬತ್ತಿ ಹಚ್ಚತೊಡಗಿದರು. ಮೇಸ್ತ್ರಿಯನ್ನು ಕೇಳಿದರೆ ಒಂದೇ ಮಾತು: “ಭತ್ತ ಅಲ್ಲೇನವ್ವಾ, ಜಾರತೈತಿ.” ಹಾಗೆಂದವರು ತಾವೂ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು.

ಹೊಸ ಮೇಸ್ತ್ರಿಗೆ ಅವರು ಬಾಯ್ಲರಿನ ಸಿಟ್ಟು ಸೆಡವು, ಯಾವ ಬೆಲ್ಟ್ ಯಾವಾಗ ಸಡಿಲಾಗುತ್ತದೆ, ಯಾವ ಆಳಿಗೆ ಧೂಳಿನಿಂದ ದಮ್ಮು ಬರುತ್ತದೆ, ಎಲ್ಲ ಹೇಳಿಕೊಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಳ್ಕೊಡುಗೆ ದಿನ ಎಲ್ಲರ ಮುಂದೆ ಸಾವ್ಕಾರರ ನೀರಿಳಿಸಬೇಕು, ಏನು ಹೇಳಬೇಕೋ ನಾನೇ ಬರೆದುಕೊಡ್ತೀನಿ ಎಂದೆ. ಅವರು ನಕ್ಕರು. ಹೇಳಬೇಕಾದ್ದನ್ನು ಬಾಗಿಲು ಹಾಕಿಕೊಂಡು ಮುಖಕ್ಕೇ ಹೇಳಿಯಾಗಿದೆ ಎಂದರು. ನಾಲ್ಕು ಮಂದಿ ಮುಂದೆ ಹೇಳಿದರೆ ಸಾವ್ಕಾರರು ಮಾನಕ್ಕೆ ಅಂಜಿ ಇನ್ನೂ ಬಿಗಿಯಾಗುತ್ತಾರೆ, ಆಮೇಲೆ ಆ ಗುಂಡಿಗೆ ಜಾಲರಿ ಈ ಜನ್ಮದಲ್ಲಿ ಬರುವುದಿಲ್ಲ, ನಾನು ಹೋಗುತ್ತೇನೆ, ಅದರ ಅಂಚಿಗೆ ನಿಲ್ಲುವವರು ಇಲ್ಲೇ ಇರುತ್ತಾರಲ್ಲ ಎಂದರು.

ಹಾಗಾದರೆ ಸುಳ್ಳು ಹೊಗಳ್ತೀರೇನು ಎಂದು ನಾನು ಬಿಡಲಿಲ್ಲ. ಆಗ ಕಿವಿಯ ಹತ್ತಿರ ಬಂದು ಹೇಳಿದರು:

“ಖರೇ ಇದ್ದದ್ದಕ್ಕಷ್ಟ ಥ್ಯಾಂಕ್ಸ್ ಹೇಳಬೇಕು ತಂಗೆವ್ವ. ಹುಡುಕಿದ್ರ ಒಂದರ ಸಿಗತೈತಿ. ಹೇಳಿದ ಮ್ಯಾಲ ‘ಆದ್ರ’ ಅನಬಾರದು. ‘ಆದ್ರ’ ಅಂದ್ರ ಹಿಂದಿಂದೆಲ್ಲ ನೀರಾಗ ಹೋದಂಗ.”

ಆ ಮಧ್ಯಾಹ್ನ ಬೀಳ್ಕೊಡುಗೆಗೆಂದು ಮಿಲ್ಲು ನಿಲ್ಲಿಸಿದರು. ಅಬ್ಬಾ, ಆ ಮೌನ! ವರ್ಷಗಟ್ಟಲೆ ಕಿರುಚಿ ಮಾತಾಡಿದವರಿಗೆ ತಮ್ಮ ದನಿಯೇ ಬೇರೆ ಯಾರದೋ ಅನ್ನಿಸಿ, ಮಾತು ಶುರು ಮಾಡಿದವರು ಅರ್ಧಕ್ಕೇ ಬಿಟ್ಟರು. ತವುಡಿನ ಧೂಳು ಬಿಸಿಲಿನಲ್ಲಿ ಅಲುಗಾಡದೆ ನಿಂತಿತ್ತು. ಹಾರ, ಶಾಲು, ಮೈಸೂರುಪಾಕಿನ ಡಬ್ಬಿ ಎಲ್ಲ ಮೇಜಿನ ಮೇಲಿದ್ದವು. ಸಾವ್ಕಾರರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಬಂದವರ ಹಾಗಿದ್ದರು.

ಮೇಸ್ತ್ರಿ ಎದ್ದು ಕೈ ಮುಗಿದರು. ತಮ್ಮ ಹೆಂಡತಿಗೆ ಆಪರೇಷನ್ ಆದಾಗ ಸಾವ್ಕಾರರು ತಾವೇ ಕಾರು ಓಡಿಸಿಕೊಂಡು ಬಳ್ಳಾರಿಗೆ ಕರೆದೊಯ್ದದ್ದನ್ನು ನೆನೆದು, ಅದನ್ನು ಸಾಯೋವರೆಗೂ ಮರೆಯುವುದಿಲ್ಲ ಎಂದರು. ಸಾವ್ಕಾರರು ತಟ್ಟನೆ ತಲೆ ಎತ್ತಿದರು. ಇದನ್ನು ಅವರು ನಿರೀಕ್ಷಿಸಿರಲಿಲ್ಲ.

ಆಮೇಲೆ ಮೇಸ್ತ್ರಿ ಮಿಲ್ಲಿನ ಕೊನೆಯಿಂದ ಶುರು ಮಾಡಿದರು. ಚೀಲ ಹೊಲಿಯುವ ಹೆಂಗಸರಿಗೆ, ತಮ್ಮ ಬುತ್ತಿಯಲ್ಲಿ ದಿನಾ ಇಟ್ಟುಕೊಟ್ಟ ಉಪ್ಪಿನಕಾಯಿಗಾಗಿ. ಪಾಲಿಶ್ ಯಂತ್ರದವನಿಗೆ, ಬೆರಳು ಜಜ್ಜಿದಾಗ ಕಟ್ಟಿದ ಬಟ್ಟೆಗಾಗಿ. ಬಾಯ್ಲರಿನವನಿಗೆ ಒಂದು ಮಾತು. ಒಬ್ಬೊಬ್ಬರಿಗೂ ಅವರು ಮಾಡಿದ್ದನ್ನೇ ಹೆಸರಿಸಿ ಥ್ಯಾಂಕ್ಸ್. ಅಕ್ಕಿಯ ದಾರಿಯನ್ನು ಹಿಮ್ಮುಖವಾಗಿ ನಡೆದು ಅವರ ಮಾತು ಎಲ್ಲಿಗೆ ಹೊರಟಿದೆ ಎಂದು ನನಗೆ ಆಗ ಗೊತ್ತಾಯಿತು. ಯಾರೂ ಗುಂಡಿಯ ಕಡೆ ನೋಡಲಿಲ್ಲ. ನೋಡದೆ ಇರಲಿಕ್ಕೆ ಒದ್ದಾಡುತ್ತಿದ್ದರು.

“ಕಡೀಕ, ಗುಂಡಿ ಕಡೆ ನಿಲ್ಲಾಂವಗ,” ಎಂದರು ಮೇಸ್ತ್ರಿ. “ನನಗಿಂತ ಮೊದಲ ಬಂದು ಗೇಟಿನ ಮುಂದ ಕುಂತಿರತಿದ್ದಿ. ನಿನಗೂ ಥ್ಯಾಂಕ್ಸಪಾ.”

ಸರ್ರ್...

ಎಲ್ಲರಿಗೂ ಕೇಳಿಸಿತು. ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು. ಭತ್ತ ಬಹಳ ಹೊತ್ತು ಜಾರಿತು, ಸದ್ದು ಸಣ್ಣಗಾಯಿತು, ನಿಂತಿತು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಮೇಸ್ತ್ರಿ ‘ಇಷ್ಟರಿ’ ಎಂದು ಕೂತರು. ‘ಆದ್ರ’ ಬರಲೇ ಇಲ್ಲ.

ಸಾವ್ಕಾರರು ಶಾಲು ಹೊದಿಸಲು ಎದ್ದರು. ಶಾಲು ಹಿಡಿದುಕೊಂಡೇ ಕೇಳಿದರು: “ಮೇಸ್ತ್ರೀ, ಆ ಜಾಲರಿ ಎಲ್ಲೈತಿ?”

“ಬಾಯ್ಲರ್ ಹಿಂದ ನಿಲ್ಲಿಸೀನ್ರಿ. ತುಕ್ಕು ತಿಕ್ಕಿ ಇಟ್ಟೀನಿ.”

ಜಾಲರಿ ಕೂರಿಸಿ ಬೋಲ್ಟು ಬಿಗಿದ ಮೇಲೆಯೇ ಮಿಲ್ಲು ಮತ್ತೆ ಶುರುವಾದದ್ದು. ಆ ಗಡಿಬಿಡಿಯಲ್ಲಿ ಮೈಸೂರುಪಾಕು ಹಂಚಲು ಮರೆತೇಹೋಯಿತು. ಮೇಸ್ತ್ರಿ ಹಾರ ತೆಗೆದು ಗುಂಡಿಯ ಅಂಚಿಗಿಟ್ಟು, ಬುತ್ತಿಚೀಲ ಹಿಡಿದು ಗೇಟು ದಾಟಿದರು. ನಾನು ಹಿಂದೆ ಓಡಿಹೋದವಳು, ಯಂತ್ರದ ಗದ್ದಲದಲ್ಲಿ ಏನೋ ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ... ಕೈ ಎತ್ತಿ ಹೋಗಿಬಿಟ್ಟರು.

ಕುರುಗೋಡಿನಿಂದ ಬಂದ ಮರುವಾರ ಸಿರುಗುಪ್ಪಕ್ಕೆ ಹೋದೆ. ತಡೆಯಲಾಗಲಿಲ್ಲ. ಮಿಲ್ಲಿನಲ್ಲಿ ಊಟದ ಹೊತ್ತು, ಯಂತ್ರ ನಿಂತಿತ್ತು. ಹೊಸ ಹಮಾಲಿಗಳಿಗೆ ನನ್ನ ಗುರುತಿಲ್ಲ. ಜಾಲರಿ ಅಲ್ಲೇ ಇತ್ತು, ಹುಲ್ಲು ಕಟ್ಟಿಕೊಂಡಿತ್ತು. ಒಬ್ಬ ಅದನ್ನು ಬೈಯುತ್ತ ಕಿತ್ತು ಹಾಕುತ್ತಿದ್ದ. ಈ ಶನಿಯನ್ನು ಯಾರು ಹಾಕಿಸಿದರೋ ಎಂದ. ಬೈಯಪ್ಪ, ಬೈಯಲಿಕ್ಕಾದರೂ ಇದ್ದೀಯಲ್ಲ ಎಂದುಕೊಂಡೆ.

ಅವನು ಊಟಕ್ಕೆ ಹೋದ ಮೇಲೆ ಚಪ್ಪಲಿ ಬಿಟ್ಟು ಜಾಲರಿಯ ಮೇಲೆ ನಿಂತೆ. ಕಬ್ಬಿಣ ಕಾಲಿಗೆ ತಣ್ಣಗೆ ಹತ್ತಿತು. ಮೇಸ್ತ್ರಿ, ಕಿವಿಯ ಹತ್ತಿರ ಮಾತಾಡುವವರು ಈಗ ಯಾರೂ ಇಲ್ಲ, ಇನ್ನೂ ನಾಲ್ಕು ದಿನ ಇರಬೇಕಿತ್ತು ನೀವು ಎಂದು ಹೇಳಬೇಕೆಂದಿದ್ದೆ. ಅದು ‘ಆದ್ರ’ ಇದ್ದ ಹಾಗೇ ಅಲ್ಲವೇ ಅನ್ನಿಸಿ ಬಿಟ್ಟೆ. ಥ್ಯಾಂಕ್ಸ್ ರೀ ಮೇಸ್ತ್ರಿ ಎಂದಷ್ಟೇ ಹೇಳಿದೆ.

ಕಾಲ ಕೆಳಗೆ ಭತ್ತ ಸರ್ರ್ ಎಂದು ಜಾರಿತು. ಭತ್ತ ಅಲ್ಲವೇ, ಜಾರುತ್ತದೆ... ಅದು ನಿಲ್ಲುವವರೆಗೂ ನಾನು ಅಲ್ಲೇ ನಿಂತಿದ್ದೆ.