ಲೇಬಲ್ಲಮ್ಮ ಆರಿಸಿದ ಬಟ್ಟೆ

ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವುದು ಅವಳ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಲೇಬಲ್ಲಮ್ಮ ಅಂತ. ಕರೆದವರ ತಪ್ಪೇನೂ ಇಲ್ಲ. ಯಾರೇ ಎದುರು ಸಿಗಲಿ, ಯೋಗಕ್ಷೇಮ ವಿಚಾರಿಸುವ ಮೊದಲೇ ಅವರ ಕಾಲರ್ ಮಗುಚಿ ಒಳಗಿನ ಚೀಟಿ ಓದುವ ಚಟ ಆಕೆಯದು. ಒಮ್ಮೆ ಮದುವೆಮನೆಯಲ್ಲಿ ಬೀಗರೊಬ್ಬರ ಕುತ್ತಿಗೆಯ ಹಿಂದೆ ಕೈಹಾಕಿ, "ಪಾಲಿಯೆಸ್ಟರೇ ಜಾಸ್ತಿ ಇದೆ, ಅದಕ್ಕೇ ನೋಡಿ ಹೀಗೆ ಬೆವರ್ತಿದೀರ" ಅಂದುಬಿಟ್ಟಿದ್ದಳು. ಆ ಮನುಷ್ಯ ಊಟ ಮುಗಿಯುವ ತನಕ ಅವಳಿಗೆ ಬೆನ್ನು ತೋರಿಸಲಿಲ್ಲ.

ಅಂಗಡಿಯಲ್ಲಿ ಮಾತ್ರ ಈ ಚಟಕ್ಕೆ ಬೆಲೆ ಇತ್ತು. ಥಾನಿನ ಅಂಚಿನಲ್ಲಿ ಹೊಳೆಯುವ ಅಕ್ಷರದಲ್ಲಿ 'ಕಾಟನ್ ಟಚ್' ಅಂತ ಅಚ್ಚಾಗಿದ್ದರೆ ಗಿರಾಕಿಗಳು ಮರುಳಾಗಿಬಿಡುತ್ತಾರೆ. ಲೇಬಲ್ಲಮ್ಮ ಅಷ್ಟಕ್ಕೆ ಬಿಡುವವಳಲ್ಲ. "ದೊಡ್ಡ ಅಕ್ಷರ ಓದ್ಬೇಡಿ ಅಮ್ಮ, ಈ ಸಣ್ಣ ಚೀಟಿ ಓದಿ. ಯಾವುದು ಜಾಸ್ತಿ ಇದೆಯೋ ಅದನ್ನ ಮೊದ್ಲು ಬರೆದಿರ್ತಾರೆ. ಇದ್ರಲ್ಲಿ ಪಾಲಿಯೆಸ್ಟರ್ ಮೊದ್ಲು, ವಿಸ್ಕೋಸ್ ಆಮೇಲೆ. ಕಾಟನ್ ಹೆಸರೇ ಇಲ್ಲ," ಎನ್ನುತ್ತಿದ್ದಳು. ಪಾಲಿಯೆಸ್ಟರ್ ಬೆವರು ಕುಡಿಯುವುದಿಲ್ಲ, ಸುಕ್ಕೂ ಬೀಳುವುದಿಲ್ಲ. ವಿಸ್ಕೋಸ್ ಅಂದರೆ ರೇಯಾನ್ ಕುಟುಂಬದ್ದೇ, ಮರದ ತಿರುಳಿನಿಂದ ಬರುವಂಥದ್ದು, ಬೆವರನ್ನು ಚೆನ್ನಾಗಿ ಹೀರುತ್ತದೆ. ಹೀಗೆ ಒಂದೊಂದರ ಜಾತಕವನ್ನೂ ಬಿಡಿಸಿ ಹೇಳಿದ ಮೇಲೆ ಕೊನೆಗೊಂದು ಮಾತು ತಪ್ಪದೇ ಸೇರಿಸುತ್ತಿದ್ದಳು: "ರೇಯಾನ್ ಒದ್ದೆ ಇದ್ದಾಗ ಹಿಂಡ್ಬೇಡಿ, ಉಜ್ಜಲೂಬೇಡಿ. ನೀರು ಕುಡಿದಾಗ ಅದಕ್ಕೆ ಕಸುವು ಇರಲ್ಲ."

ಇಷ್ಟೆಲ್ಲ ಗೊತ್ತಿದ್ದವಳು ಸ್ವಂತ ಅಕ್ಕನ ವಿಷಯದಲ್ಲೇ ಎಡವಿದಳು.

ಅಕ್ಕ ಬಸ್ ಡ್ರೈವರ್. ಅಕ್ಕತಂಗಿ ಇಬ್ಬರದೂ ಒಂದೇ ಮನೆ, ಒಂದೇ ಒಲೆ, ದಿನವೂ ಒಂದಲ್ಲ ಒಂದು ಜಗಳ. ಅಕ್ಕನಿಗೆ ಸ್ಟೀರಿಂಗ್ ಅಂದರೆ ಜೀವ. ಇಕ್ಕಟ್ಟಿನ ತಿರುವಿನಲ್ಲಿ ಅಷ್ಟುದ್ದದ ಬಸ್ಸನ್ನು ಒಂದು ಗೀರೂ ಆಗದಂತೆ ತಿರುಗಿಸಿ, ಏನೂ ಆಗಿಲ್ಲವೆಂಬಂತೆ ಕನ್ನಡಿ ನೋಡಿಕೊಳ್ಳುವ ಜಂಬದವಳು. ಆದರೆ ಅವಳ ಬಸ್ಸಿನ ಎಂಜಿನ್ ಇರುವುದು ಸೀಟಿನ ಮಗ್ಗುಲಲ್ಲೇ. ಬೇಸಿಗೆ ಬಂತೆಂದರೆ ಮೇಲಿಂದ ಬಿಸಿಲು, ಪಕ್ಕದಿಂದ ಎಂಜಿನ್, ಬೆನ್ನಿಗೆ ರೆಕ್ಸಿನ್ ಸೀಟು. ಮೈತುಂಬ ಬೆವರುಸಾಲೆ ಎದ್ದು, ಹಿಂದಿನ ಬೇಸಿಗೆಯಲ್ಲಿ ಒಮ್ಮೆ ನಿಲ್ದಾಣದಲ್ಲೇ ತಲೆ ಸುತ್ತಿ ಕೂತಿದ್ದಳು. ಈ ಸಲ ಡಿಪೋದವರೇ ಕೇಳಿದ್ದರು, ವಿಚಾರಣೆ ಕೌಂಟರಿನಲ್ಲಿ ಜಾಗ ಖಾಲಿಯಿದೆ, ಫ್ಯಾನ್ ಕೆಳಗೆ ಕೂರಬಹುದು, ಬರ್ತೀರಾ ಅಂತ.

"ಈ ಬೇಸಿಗೇಲೂ ಹಿಂಗೇ ಆದ್ರೆ ಹೋಗಿಬಿಡ್ತೀನಿ ಕಣೆ. ಬಸ್ಸಿನ ತುಂಬ ಜನ ಇಟ್ಕೊಂಡು ತಲೆ ತಿರುಗಿದ್ರೆ ಯಾರು ಹೊಣೆ?" ಎಂದಳು ಅಕ್ಕ. ಹೇಳಿದ್ದು ಸಲೀಸಾಗಿಯೇ. ಆದರೆ ಆ ದಿನ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟಳು.

ಅದನ್ನು ನೋಡಿದ ಲೇಬಲ್ಲಮ್ಮನ ಕಣ್ಣು ಅಕ್ಕನ ಯೂನಿಫಾರ್ಮಿನ ಮೇಲೆ ಬಿತ್ತು. ಡಿಪೋದಲ್ಲಿ ಯೂನಿಫಾರ್ಮಿಗೆ ಬಣ್ಣ ಮಾತ್ರ ಹೇಳುತ್ತಾರೆ, ಬಟ್ಟೆ ತಾವೇ ಕೊಂಡು ಹೊಲಿಸಬೇಕು. ಅಕ್ಕ ಇಷ್ಟು ವರ್ಷ ಹಾಕುತ್ತಿದ್ದದ್ದು ಪಾಲಿಯೆಸ್ಟರ್ ಜಾಸ್ತಿಯಿದ್ದ ಪಾಲಿಕಾಟನ್. ಒಗೆದು ಕೊಡವಿದರೆ ಸಾಕು, ಇಸ್ತ್ರಿಯ ಗೆರೆ ಹಾಗೇ ನಿಲ್ಲುತ್ತದೆ ಅನ್ನುವ ಒಂದೇ ಕಾರಣಕ್ಕೆ. "ಪ್ಲಾಸ್ಟಿಕ್ ಸುತ್ಕೊಂಡು ಒಲೆ ಪಕ್ಕ ಕೂತಿದೀಯ ನೀನು. ಬಟ್ಟೆ ನನಗೆ ಬಿಡು," ಎಂದಳು ತಂಗಿ.

ಡಿಪೋದವರು ಹೇಳಿದ್ದ ಬೂದುನೀಲಿ ಬಣ್ಣದ ಥಾನುಗಳನ್ನೆಲ್ಲ ಅಂಗಡಿಯಲ್ಲಿ ಹರವಿಕೊಂಡು ಕೂತಳು. ಕಾಟನ್ ಕೈಗೆತ್ತಿಕೊಂಡವಳು ಕೆಳಗಿಟ್ಟಳು. ಕೂತರೆ ಮುದುರುತ್ತದೆ, ಅಕ್ಕನ ಜಂಬಕ್ಕೆ ಒಗ್ಗುವುದಿಲ್ಲ. ವಿಸ್ಕೋಸ್ ಸಿಕ್ಕಿತು, ನೂರಕ್ಕೆ ನೂರು. ಅದೂ ಮುದುರುವುದೇ, ಆದರೆ ಮೈಮೇಲೆ ಇಳಿಬಿದ್ದು ಸುಕ್ಕು ಅಷ್ಟಾಗಿ ಎದ್ದು ಕಾಣದು. ತೆಳುವು, ಮೆತ್ತಗೆ, ಕೆನ್ನೆಗಿಟ್ಟರೆ ತಣ್ಣಗೆ. ಇಡೀ ಅಂಗಡಿಯೇ ಏಸಿಯಲ್ಲಿದೆ, ಅಲ್ಲಿ ಕಂಬಳಿಯೂ ತಣ್ಣಗೇ ಇರುತ್ತದೆ ಅನ್ನುವುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ಹೊಸ ಶರ್ಟು ಹಾಕಿಕೊಂಡು ಹೋದ ಅಕ್ಕ ಮೊದಲೆರಡು ದಿನ ಹೊಗಳಿದ್ದೇ ಹೊಗಳಿದ್ದು. ಲೇಬಲ್ಲಮ್ಮ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಆ ವಾರ ಮುಗಿಯುವುದರೊಳಗೆ ಅಕ್ಕ ಭುಜದ ಮೇಲೆ ಟವೆಲ್ ಹೊದ್ದು ಮನೆಗೆ ಬಂದಳು. ಟವೆಲ್ ತೆಗೆದರೆ ಶರ್ಟಿನ ಭುಜ ಹೊಲಿಗೆಯ ಪಕ್ಕದಲ್ಲೇ ಉದ್ದಕ್ಕೆ ಹರಿದಿತ್ತು.

"ಸರ್ಕಲ್‌ನಲ್ಲಿ ಸ್ಟೀರಿಂಗ್ ತಿರುಗಿಸ್ತಿದೀನಿ, ಪರ್ ಅಂತು. ಬಸ್ಸಿನ ತುಂಬ ಜನ. ಯಾರೋ ಪುಣ್ಯಾತ್ಗಿತ್ತಿ ಟವೆಲ್ ಕೊಟ್ಲು," ಎಂದಳು ಅಕ್ಕ. "ಸಾಕು. ನಾಳೆ ಹೋಗಿ ಕೌಂಟರ್ ಕೆಲಸ ಒಪ್ಕೊಂಡು ಬರ್ತೀನಿ."

"ಇನ್ನೊಂದೇ ಒಂದು ಸಲ ನನ್ನ ಮಾತು ಕೇಳು ಅಕ್ಕ. ನಾಳೆ ನಾನೂ ನಿನ್ನ ಬಸ್ಸಿಗೆ ಬರ್ತೀನಿ."

"ಬಂದು? ಪ್ಯಾಸೆಂಜರ್‌ಗಳ ಕಾಲರ್ ನೋಡ್ತೀಯಾ?"

ಮರುದಿನ ಅಂಗಡಿಯ ಯಜಮಾನರಿಗೆ ತನಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ, ಉರಿಬಿಸಿಲಿನ ಟ್ರಿಪ್ಪಿಗೆ ಡ್ರೈವರ್ ಸೀಟಿನ ಹಿಂದೆಯೇ ಹೋಗಿ ಕೂತಳು. ತಂಗಿಯ ಹಟಕ್ಕೆ ಅಕ್ಕ ಹಾಕಿದ್ದದ್ದು ಉಳಿದಿದ್ದ ಇನ್ನೊಂದು ವಿಸ್ಕೋಸ್ ಶರ್ಟು. ಎಂಜಿನ್ನಿನ ಕಾವು ಲೇಬಲ್ಲಮ್ಮನ ಮೊಣಕಾಲಿಗೂ ತಾಗುತ್ತಿತ್ತು. ನಾಲ್ಕೈದು ನಿಲ್ದಾಣ ದಾಟುವಷ್ಟರಲ್ಲಿ ಅಕ್ಕನ ಬೆನ್ನು, ಭುಜ ಪೂರ್ತಿ ತೊಯ್ದವು. ಶರ್ಟು ಬೆವರನ್ನೆಲ್ಲ ಕುಡಿದು ಭಾರವಾಗಿ ಮೈಗಂಟಿಕೊಂಡಿತು. ಆ ಒದ್ದೆ ಭುಜದ ಮೇಲೆ ಸೀಟ್ ಬೆಲ್ಟು, ಪ್ರತಿ ತಿರುವಿನಲ್ಲೂ ಉಜ್ಜುತ್ತಿತ್ತು. ಬೆನ್ನು ರೆಕ್ಸಿನ್ನಿಗೆ ಒರಸಿಕೊಳ್ಳುತ್ತಿತ್ತು.

ಒದ್ದೆ ಇದ್ದಾಗ ಉಜ್ಜಬೇಡಿ.

ಸಾವಿರ ಸಲ ಗಿರಾಕಿಗಳಿಗೆ ಹೇಳಿದ ಮಾತು. ಒದ್ದೆ ಅಂದರೆ ಬಕೆಟ್ಟಿನ ನೀರು ಅಂತಷ್ಟೇ ಅವಳು ತಿಳಿದಿದ್ದಳು. ಅಕ್ಕನ ಬೆವರು ಅವಳ ಲೆಕ್ಕದಲ್ಲೇ ಇರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅಕ್ಕ ಪಡುವ ಪಾಡನ್ನು ಒಂದು ದಿನ ಬಂದು ನೋಡಿರಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಷ್ಟು ಸೆಕೆಯಲ್ಲಿ ಅದು ಬೆವರೋ ಕಣ್ಣೀರೋ ಅಂತ ಕೇಳುವವರಾರು.

ಇಳಿದವಳೇ ಅಂಗಡಿಗೆ ಓಡಿದಳು. ಹೊಟ್ಟೆನೋವು ಇಷ್ಟು ಬೇಗ ವಾಸಿಯಾದದ್ದನ್ನು ಕಂಡು ಯಜಮಾನರು ಹುಬ್ಬೇರಿಸಿದರು. ಲೇಬಲ್ಲಮ್ಮ ಅಂದು ಬೇಡವೆಂದು ಕೆಳಗಿಟ್ಟಿದ್ದ ಕಾಟನ್ನನ್ನೇ ಎಳೆದಳು: ಬೇರೇನೂ ಬೆರೆಸದ್ದು, ತೆಳು ನೂಲಿನ ಸಾದಾ ನೇಯ್ಗೆ. ಕಾಟನ್ ಬೆವರೂ ಕುಡಿಯುತ್ತದೆ, ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ದಪ್ಪ ನೇಯ್ಗೆಯದಾದರೆ ಕಾಟನ್ನೂ ಬೇಯಿಸಿಬಿಡುತ್ತದೆಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ತುಟಿಗಿಟ್ಟು ಊದಿದಳು. ಉಸಿರು ಆಚೆ ಬದಿಯ ಅಂಗೈಗೆ ತಾಗಿತು. ಟೈಲರಿಗೆ ಮೈ ಸ್ವಲ್ಪ ಸಡಿಲ ಬಿಡಲು ಹೇಳಿ, ಸೀಟಿನ ಬೆನ್ನಿಗೆ ಹಾಸಲು ಒಂದು ಟರ್ಕಿ ಟವೆಲನ್ನೂ ಕೊಂಡಳು.

"ಇದು ಮುದುರತ್ತೆ," ಎಂದು ಅಕ್ಕ ಶರ್ಟು ನೋಡಿ ಮುಖ ಹುಳ್ಳಗೆ ಮಾಡಿದಳು.

"ಮುದುರಲಿ. ದಿನಾ ಬೆಳಗ್ಗೆ ಇಸ್ತ್ರಿ ಹಾಕೋದು ನನ್ನ ಪಾಲು. ಒಂದು ವಾರ ಹಾಕ್ಕೊಂಡು ನೋಡು. ಆಮೇಲೂ ತಲೆ ಸುತ್ತಿದ್ರೆ ನಾನೇ ನಿನ್ನ ಕೈ ಹಿಡ್ಕೊಂಡು ಕೌಂಟರಿಗೆ ಕೂರಿಸಿ ಬರ್ತೀನಿ."

ಆ ವಾರವಿಡೀ ಸಂಜೆ ಅಕ್ಕ ಬರುವ ಹೊತ್ತಿಗೆ ಲೇಬಲ್ಲಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. ಹೇಗಿತ್ತು ಎಂದು ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲ. ಅಕ್ಕ ಬರುವಳು, ನೀರು ಕುಡಿಯುವಳು, ಊಟಕ್ಕೆ ಕೂರುವಳು. ವಾರದ ಕೊನೆಗೆ ಡಿಪೋದಿಂದ ಫೋನ್ ಬಂತು. ಲೇಬಲ್ಲಮ್ಮ ಚಪಾತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹೂಂ ಸರ್... ಕೌಂಟರಾ? ಬೇಡ ಸರ್, ಬೇರೆಯವರಿಗೆ ಕೊಡಿ," ಎಂದಳು ಅಕ್ಕ. ತಂಗಿಯ ಕಡೆ ತಿರುಗಿಯೂ ನೋಡದೆ, ಇನ್ನೊಂದು ಚಪಾತಿಗೆ ಖಾಲಿ ತಟ್ಟೆಯನ್ನು ಮುಂದಕ್ಕೆ ಸರಿಸುತ್ತ ಫೋನಿನಲ್ಲೇ ಮಾತು ಮುಂದುವರಿಸಿದಳು. "ಮಧ್ಯಾಹ್ನದ ಟ್ರಿಪ್ಪಿಗೆ ಯಾರೂ ಒಪ್ತಿಲ್ಲ ಅಂತಿದ್ರಲ್ಲ, ಅದನ್ನ ನನಗೇ ಹಾಕಿ."