ಅಮಾವಾಸ್ಯೆಗೆ ಇಳಿದ ಬಾವುಟಗಳು

ಖಾಸಿಂಸಾಬನಿಗೆ ಅಂದಪ್ಪ ಸಾಹುಕಾರನ ಮೇಲಿರುವ ಸಿಟ್ಟು ಪಗಾರದ್ದಲ್ಲ, ರಜೆಯದ್ದೂ ಅಲ್ಲ. ಪ್ರೆಸ್ಸಿನ ಇ-ಮೇಲ್ ಬದಲಾಯಿಸಿದ್ದರದ್ದು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ.

ಗದಗ-ಬೆಟಗೇರಿಯ ಆ ಪ್ರೆಸ್ಸಿನಲ್ಲಿ ಮೊದಲು ಎಲ್ಲರೂ ಬಳಸುವಂಥ ಪುಕ್ಕಟೆ ಮೇಲ್ ಇತ್ತು. ಅದರಲ್ಲೊಂದು ಗುಂಡಿ. ಬಂದ ಮೇಲ್ ಈಗ ಬೇಡ, ಬುಧವಾರ ಮುಂಜಾನೆ ಬೇಕು ಎಂದರೆ ಅದನ್ನು ಒತ್ತಿ ದಿನ, ಹೊತ್ತು ಹೇಳಿದರಾಯಿತು. ಮೇಲ್ ಕಣ್ಮರೆಯಾಗಿ ಬುಧವಾರ ಮುಂಜಾನೆ ಎಲ್ಲಕ್ಕಿಂತ ಮೇಲೆ ಬಂದು ಕೂಡುತ್ತಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿ ಬೆಳೆದ ಖಾಸಿಂಸಾಬನಿಗೆ ಕಂಪ್ಯೂಟರಿನಲ್ಲಿ ಮನಸ್ಸಿಗೆ ಬಂದದ್ದು ಅದೊಂದೇ. ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡುವ ಆಳು ಅದು. ಮನುಷ್ಯರಲ್ಲಿ ಅಂಥವರು ಸಿಗುವುದು ಕಷ್ಟ.

ಅಂದಪ್ಪನಿಗೆ ಒಮ್ಮೆ ಹುಬ್ಬಳ್ಳಿಯಲ್ಲಿ ಯಾರೋ ತಲೆ ತುಂಬಿದರು. ಮೇಲ್ ವಿಳಾಸದ ಬಾಲದಲ್ಲಿ ಪ್ರೆಸ್ಸಿನ ಹೆಸರೇ ಇದ್ದರೆ ಗಿರಾಕಿಗಳು ಮರ್ಯಾದೆ ಕೊಡುತ್ತಾರೆಂದು. ತಂದ. ಹೊಸ ಮೇಲ್‌ನಲ್ಲಿ ವಿಳಾಸವೇನೋ ಚೆಂದಾಯಿತು, ಆ ಗುಂಡಿ ಹೋಯಿತು.

“ಸಾಹುಕಾರ್ರ, ಇದರಾಗ ಆಮ್ಯಾಲೆ ನೆನಪು ಮಾಡೋದು ಇಲ್ಲಲ್ರಿ.”

“ಬಾವುಟ ಐತಲ್ಲೋ ಖಾಸೀಮ. ಒತ್ತಿದರ ಕೆಂಪಗಾಗತೈತಿ. ಇನ್ನೇನ ಬೇಕು ನಿನಗ?”

“ಬಾವುಟ ಕೆಂಪಗಾಗತೈತ್ರಿ, ಹೊತ್ತಿಗೆ ಬಂದು ಎಬ್ಬಸೂದಿಲ್ಲ.”

“ಎಬ್ಬಸಾಕ ನೀ ಏನ ಮಲಗಾಕ ಬರ್ತಿಯೇನ ಇಲ್ಲಿ?”

ಆಳುಗಳು ನಕ್ಕರು. ಮಷಿನ್ ನಡೆಸುವ ಗೋಣೆಪ್ಪನಂತೂ ರೋಲರಿಗೆ ಹಾಕುವ ಶಾಯಿ ಕೈಯಲ್ಲೇ ಹಿಡಿದು ನಕ್ಕ. ಖಾಸಿಂಸಾಬ ಆ ನಗೆಯನ್ನೂ ಮರೆತಿಲ್ಲ.

ಆಮೇಲೆ ಅವನು ತನ್ನದೇ ದಾರಿ ಮಾಡಿಕೊಂಡ. ಈಗ ಮಾಡಲಾಗದ ಮೇಲ್‌ಗೆಲ್ಲ ಕೆಂಪು ಬಾವುಟ. ಮುಂಜಾನೆ ಬಂದು ಕುಳಿತ ಕೂಡಲೇ ಬಾವುಟ ಇರುವವನ್ನಷ್ಟೇ ತೋರಿಸೆಂದು ಕಂಪ್ಯೂಟರಿಗೆ ಹೇಳಿ, ಒಂದೊಂದನ್ನೂ ತೆರೆದು ಓದಿ, ಇವತ್ತಿನದು ಯಾವುದು, ನಾಳಿನದು ಯಾವುದು ಎಂದು ಮನಸ್ಸಿನಲ್ಲೇ ಬೇರೆ ಮಾಡುವುದು. ಮುಗಿದದ್ದರ ಬಾವುಟ ತೆಗೆಯುವುದು. ಬಾವುಟಕ್ಕೆ ತಾರೀಖಿಲ್ಲ, ಎಲ್ಲಕ್ಕೂ ಒಂದೇ ಬಣ್ಣ. ಲಗ್ನದ ಹಂಗಾಮು ಬಂತೆಂದರೆ ಪರದೆ ತುಂಬ ಕೆಂಪು. ಎಲ್ಲವೂ ಅರ್ಜೆಂಟಾದರೆ ಯಾವುದೂ ಅರ್ಜೆಂಟಲ್ಲ. ಓದುವಷ್ಟರಲ್ಲೇ ಕಣ್ಣು ಸೋತು, ಚಹಾ ಆರಿ, ದಿನದ ಅರ್ಧ ಕಸುವು ಹೋಗಿರುತ್ತಿತ್ತು.

“ಊರ ಮಂದಿ ಲಗ್ನ ನಿಮ್ಮ ತಲಿ ಮ್ಯಾಗ ಐತೇನು?” ಎಂದು ಹೆಂಡತಿ ಮಾಸುಮಬಿ ಕೇಳಿದ್ದಳು, ಅವನು ಊಟಕ್ಕೆ ಕುಳಿತಲ್ಲೇ ಯಾವುದೋ ವರನ ಹೆಸರು ಗೊಣಗಿದಾಗ.

“ಹೂಂ. ತಲಿ ಮ್ಯಾಗ ಐತಿ. ರೊಟ್ಟಿ ಹಾಕು.”

ಅಂಥ ಹಂಗಾಮಿನಲ್ಲಿ ಬಂದವನು ಸೋಮೇಶ. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ, ಮೆತ್ತನೆಯ ಮಾತಿನ ಹುಡುಗ. ತಂಗಿ ಶೃತಿಯ ಲಗ್ನ. ತಂದೆ ಹೊಳೆಯಪ್ಪ ತೀರಿಕೊಂಡಿದ್ದ. ಆಮಂತ್ರಣದ ಮ್ಯಾಟರ್ ಕೊಟ್ಟು ಹೋದ. ಪ್ರೂಫ್ ಮೇಲ್‌ನಲ್ಲಿ ಹೋಯಿತು. “ಸರಿ ಇದೆ, ಅಚ್ಚು ಹಾಕಿ” ಎಂದು ಅವನ ಉತ್ತರವೂ ಬಂತು. ಪ್ರೆಸ್ಸಿನ ರಿವಾಜೇ ಹಾಗೆ. ಹಿಂದೊಮ್ಮೆ ತಾರೀಖು ತಪ್ಪಿ ಬಡಿದಾಟವಾದ ಮೇಲೆ, ಮೇಲ್‌ನಲ್ಲಿ ಒಪ್ಪಿಗೆ ಬರದೆ ಅಚ್ಚಿನ ಪ್ಲೇಟ್ ಮಾಡುವಂತಿಲ್ಲ.

ಮರುದಿನ, ಶುಕ್ರವಾರ, ಇನ್ನೊಂದು ಮೇಲ್ ಬಂತು. ಸೋಮೇಶನೇ ಬರೆದದ್ದು, ಆದರೆ ತನ್ನ ಮೇಲ್‌ನಿಂದಲ್ಲ, ಆಫೀಸಿನ ಮೇಲ್‌ನಿಂದ. ಮೇಲೆ ವಿಷಯವೂ ಇಲ್ಲ. “ಕಾಕಾ, ದಯವಿಟ್ಟು ನಿಲ್ಲಿಸಿ. ಅಡರಕಟ್ಟಿಯ ದೊಡ್ಡಪ್ಪನ ಹತ್ತಿರ ಹೋಗುತ್ತಿದ್ದೇವೆ. ಅಪ್ಪ ಇದ್ದಾಗಿನ ಜಗಳ ಮುಗಿಸಬೇಕು. ಒಪ್ಪಿದರೆ ಬಯಸುವವರಲ್ಲಿ ಅವರ ಹೆಸರೇ ಮೊದಲು. ಬುಧವಾರ ಮುಂಜಾನೆ ನೀವೇ ಫೋನ್ ಮಾಡಿ ಕೇಳಿ, ಅಲ್ಲಿವರೆಗೆ ಅಚ್ಚು ಬೇಡ.”

ಇದರ ತೂಕ ಖಾಸಿಂಸಾಬನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಗ್ನದ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿ ಅಣ್ಣತಮ್ಮಂದಿರು ಒಬ್ಬರ ಮಣ್ಣಿಗೊಬ್ಬರು ಹೋಗದ್ದನ್ನು ಅವನು ಕಂಡಿದ್ದ. ಅಪ್ಪನಿಲ್ಲದ ಹುಡುಗಿಯ ಧಾರೆಗೆ ದೊಡ್ಡಪ್ಪ ನಿಲ್ಲಬೇಕು. ಹೊಲದ ಬಂಡಿದಾರಿಯ ಜಗಳಕ್ಕೆ ಒಡೆದ ಮನೆತನ ಈ ಒಂದು ಹೆಸರಿನಿಂದ ಕೂಡಬೇಕು. ಆಗಿನ ಗುಂಡಿ ಇದ್ದಿದ್ದರೆ ಬುಧವಾರ ಮುಂಜಾನೆಗೆ ಕೊಟ್ಟು ನಿಶ್ಚಿಂತನಾಗುತ್ತಿದ್ದ. ಈಗ ಕೆಂಪು ಬಾವುಟ ಒತ್ತಿದ, ಮುಂದಿನ ಮೇಲ್ ತೆರೆದ.

ರವಿವಾರ ಅಮಾವಾಸ್ಯೆ. ಅಮಾವಾಸ್ಯೆಗೆ ಆ ಪ್ರೆಸ್ಸಿನಲ್ಲಿ ಮಷಿನ್ ತಿರುಗುವುದಿಲ್ಲ. ತೊಳೆದು, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಗೋಡೆಯ ತಂತಿಗೆ ಸಿಕ್ಕಿಸಿದ ಹಳೆಯ ಚೀಟಿಗಳನ್ನು ಬಿಚ್ಚುತ್ತಾರೆ. ಉಳಿಕೆ ಪಳಿಕೆ ಕಣ್ಣಿಗೆ ಬೀಳುವಂತಿದ್ದರೆ ಲಕ್ಷ್ಮಿ ಹೊಸಿಲು ತುಳಿಯುವುದಿಲ್ಲವೆಂದು ಅಂದಪ್ಪನ ತಂದೆಯ ಕಾಲದಿಂದ ಬಂದ ಮಾತು.

ಸೋಮವಾರ ಮುಂಜಾನೆ ಖಾಸಿಂಸಾಬ ಬಂದು ಕುಳಿತು ಬಾವುಟದವನ್ನು ತೋರಿಸೆಂದ. ಪರದೆ ಬೋಳು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದ. ಬೋಳು.

“ಸಾಹುಕಾರ್ರ, ನನ್ನ ಬಾವುಟ ಎಲ್ಲಿ ಹೋದ್ವು?”

ಅಂದಪ್ಪ ಊದಿನಕಡ್ಡಿ ಸಿಕ್ಕಿಸುತ್ತ ತಿರುಗಿದ. “ನಾನ ತಗದೆ. ನಿನ್ನೆ ಪೂಜಿಗೆ ಕುಂತಾಗ ಮೊಬೈಲ್‌ನಾಗ ನೋಡಿದೆ. ಊರ ಸಾಲ ನಮ್ಮ ತಲಿಮ್ಯಾಗ ಕುಂತಂಗ ಎಲ್ಲಾ ಕೆಂಪ. ಎಲ್ಲಾ ಕೂಡಿಸಿ ಒಮ್ಮೆಲೆ ತಗದುಬಿಟ್ಟೆ. ಮೇಲ್ ಅಳಿಸಿಲ್ಲೋ ಮಾರಾಯ, ಎಲ್ಲಾ ಅಲ್ಲೇ ಅದಾವ. ಬರೇ ಬಾವುಟ.”

“ಬರೇ ಬಾವುಟ ಅಂತೀರಿ. ನನ್ನ ನೆನಪೆಲ್ಲ ಅದರಾಗ ಇತ್ರಿ. ನಿಮ್ಮ ಮೊಬೈಲ್‌ನಾಗ ತಗದರ ಇಲ್ಲೂ ಹೋಗತಾವ, ಎರಡೂ ಒಂದ ಮೇಲ್.”

“ಓದಿದ ಮೇಲ್ ಇದ್ದುವಲ್ಲೋ. ಓದಿದ ಮ್ಯಾಗ ಇನ್ನೇನ?”

“ಓದಿದ್ದಕ್ಕ ಹಚ್ಚಿದ್ದು. ಓದಲಾರದ್ದಕ್ಕ ಯಾಕ ಹಚ್ಚಲಿ?”

“ಒದರಬ್ಯಾಡ. ಗಿರಾಕಿ ಬರೂ ಹೊತ್ತು.”

ಖಾಸಿಂಸಾಬನ ಕೈಯಲ್ಲಿದ್ದ ಸ್ಟೀಲ್ ಪಟ್ಟಿ ಮೇಜಿಗೆ ಬಡಿದ ಸಪ್ಪಳಕ್ಕೆ ಗೋಣೆಪ್ಪ ಮಷಿನ್ ನಿಲ್ಲಿಸಿ ನೋಡಿದ. ಈ ಸಲ ನಗಲಿಲ್ಲ.

ಸಿಟ್ಟು ಆರುವತನಕ ಕಾಯಲು ಹೊತ್ತೆಲ್ಲಿ? ಕುಳಿತು ಮೇಲ್ ಪೆಟ್ಟಿಗೆಯನ್ನೆಲ್ಲ ಹೊಸದರಿಂದ ಹಳೆಯದಕ್ಕೆ ಜಾಲಾಡಿದ. ಹೆಸರು ನೋಡಿ, ವಿಷಯ ನೋಡಿ, ನೆನಪಾದದ್ದಕ್ಕೆ ಮತ್ತೆ ಬಾವುಟ. ಶಿರಹಟ್ಟಿಯ ಬಿಲ್ ಪುಸ್ತಕ, ಮುಂಡರಗಿಯ ಬೀಜದಂಗಡಿಯ ಕ್ಯಾಲೆಂಡರ್. ನಡುವೆ ಫೋನು, ನಡುವೆ ಗಿರಾಕಿ. ಸೋಮೇಶನ ಹೆಸರು ಕಂಡಿತು, ತೆರೆದ, “ಸರಿ ಇದೆ, ಅಚ್ಚು ಹಾಕಿ.” ಶುಕ್ರವಾರದ ಮಾತು ಆ ಗದ್ದಲದಲ್ಲಿ ನೆನಪಿಗೆ ಬರಲಿಲ್ಲ. ಆಯಿತಲ್ಲ, ಇದಕ್ಕೆ ಬಾವುಟ ಯಾಕೆ ಎಂದು ಮುಂದೆ ಸರಿದ. ಅದಕ್ಕೂ ಮೊದಲೇ, ವಿಶ್ವವಿದ್ಯಾಲಯದ ಯಾವುದೋ ವಿಭಾಗದ ಹೆಸರಿನಲ್ಲಿ, ವಿಷಯವಿಲ್ಲದ ಒಂದು ಸಾಲು ಅವನ ಕಣ್ಣ ಮುಂದೆಯೇ ದಾಟಿ ಹೋಗಿತ್ತು. ಟೆಂಡರಿನ ನೋಟೀಸುಗಳು ಹೀಗೇ ಬರುತ್ತವೆ ಎಂದು ಬಿಟ್ಟಿದ್ದ. ಮಂಗಳವಾರ ಪ್ಲೇಟ್ ಆಯಿತು, ಅಚ್ಚಾಯಿತು, ಗೋಣೆಪ್ಪ ಕತ್ತರಿಸಿ ಕಟ್ಟು ಕಟ್ಟಿ ಇಟ್ಟ.

ಬುಧವಾರ ಫೋನ್ ಹೋಗಲಿಲ್ಲ. ಸೋಮೇಶನೇ ಬಂದ. ಜೊತೆಗೊಬ್ಬ ಎತ್ತರದ ಮುದುಕ, ಇಸ್ತ್ರಿ ಮಾಡಿದ ಧೋತರ, ತಲೆಗೆ ಹೊಸ ರುಮಾಲು. ದೊಡ್ಡಪ್ಪ ಸಕ್ರಪ್ಪ. ಅಡರಕಟ್ಟಿಯಿಂದ ಮುಂಜಾನೆಯ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಗದಗ ಮುಟ್ಟಿದ್ದ.

“ಕಾಕಾ, ದೊಡ್ಡಪ್ಪ ಒಪ್ಯಾರ,” ಎಂದ ಸೋಮೇಶ. ಮುಖ ಅರಳಿತ್ತು. “ತಮ್ಮ ಹೆಸರು ತಾವ ಕಣ್ಣಿಂದ ನೋಡಿ ಅಚ್ಚಿಗೆ ಕೊಡ್ತೇನಿ ಅಂದ್ರು. ಕರಕೊಂಡ ಬಂದೆ.”

ಖಾಸಿಂಸಾಬ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅಂದಪ್ಪ ಹಿಗ್ಗಿನಿಂದ ಕಟ್ಟು ಬಿಚ್ಚಿ ಒಂದು ಕಾರ್ಡು ಮುದುಕನ ಕೈಗಿಟ್ಟ. “ತಗೋರಿ ಯಜಮಾನ್ರ, ಬಿಸಿಬಿಸಿ ಐತಿ.”

ಸಕ್ರಪ್ಪ ಕಾರ್ಡನ್ನು ದೂರ ಹಿಡಿದು, ಒಂದೊಂದೇ ಹೆಸರಿನ ಕೆಳಗೆ ಹೆಬ್ಬೆರಳು ಸರಿಸುತ್ತ ಓದಿದ. ಕೊನೆಗೆ ಬಂದ. ಮತ್ತೆ ಮೇಲಿನಿಂದ ಓದಿದ.

“ನಮ್ಮ ಮನಿಗೆ ಬಂದಾಗ ಇದು ಅಚ್ಚಾಗಿತ್ತೇನಪಾ?” ಎಂದು ಸೋಮೇಶನನ್ನು ಕೇಳಿದ. ದನಿ ಏರಲಿಲ್ಲ.

“ಇಲ್ಲ ದೊಡ್ಡಪ್ಪ. ನಾ ನಿಲ್ಲಸ್ರಿ ಅಂತ ಬರದಿದ್ದೆ—”

“ತಪ್ಪು ನಂದ್ರಿ,” ಎಂದು ಖಾಸಿಂಸಾಬ ನಡುವೆ ಬಂದ. ತನ್ನದಷ್ಟೇ ಅಲ್ಲವೆಂದು ಗೊತ್ತಿತ್ತು. ಅಂದಪ್ಪನ ಕಡೆ ನೋಡಿದರೆ ಅವನು ದಾರ ಸುತ್ತುತ್ತಿದ್ದ. ಕಂಪ್ಯೂಟರಿನಲ್ಲಿ ಅಡರಕಟ್ಟಿ ಎಂದು ಬರೆದು ಹುಡುಕಿದ. ಆ ಮೇಲ್ ತಟ್ಟನೆ ಸಿಕ್ಕಿತು. ಹಿಂದೆ ಸಿಗದದ್ದು ಈಗ ಕ್ಷಣದಲ್ಲಿ. “ನೋಡ್ರಿ, ಶುಕ್ರವಾರ ಬರದಾನ. ನಿಮ್ಮ ಹೆಸರ ಮೊದಲು ಅಂತ ಬರದಾನ. ತಾರೀಖು ಇಲ್ಲೇ ಐತಿ.”

ಸಕ್ರಪ್ಪ ಪರದೆ ನೋಡಿದ. “ಕಾರ್ಡಿನ ಮ್ಯಾಗ ತಾರೀಖು ಹಾಕೋರೂ ನೀವ. ಇದರ ಮ್ಯಾಗ ಹಾಕೋರೂ ನೀವ.”

“ಹಂಗಲ್ರಿ ಯಜಮಾನ್ರ. ಇದಕ್ಕ ನಾ ಬಾವುಟ ಹಚ್ಚಿದ್ದೆ—”

“ಎಂಥಾ ಬಾವುಟ? ತೋರಸು.”

ತೋರಿಸಲು ಏನಿತ್ತು? ಬಾವುಟ ಇದ್ದ ಜಾಗ ಬೂದಿ ಬಣ್ಣಕ್ಕೆ ತಿರುಗಿತ್ತು. ತೆಗೆದ ಬಾವುಟ ಹಿಂದೊಮ್ಮೆ ಇತ್ತೆಂಬುದಕ್ಕೆ ಆ ಮೇಲ್‌ನಲ್ಲಿ ಗುರುತಿಲ್ಲ.

“ನೀವ ಒಳ್ಳೇರ ಅದೀರಿ, ಹುಡುಗನ ಮಾನ ಕಾಯಾಕ ಹತ್ತೀರಿ,” ಎಂದ ಸಕ್ರಪ್ಪ. “ನನ್ನ ಬಿಟ್ಟು ಅಚ್ಚು ಹಾಕ್ಸಿ, ಆಮ್ಯಾಲೆ ಮಂದಿ ಏನಂತಾರೋ ಅಂತ ಬಂದಾರ. ಅವರಪ್ಪನೂ ಹಿಂಗ ಇದ್ದ.”

ಕಾರ್ಡನ್ನು ಮಡಚದೆ, ಹರಿಯದೆ, ಕಟ್ಟಿನ ಮೇಲೆ ಸರಿಯಾಗಿ ಇಟ್ಟು ಹೊರಟ. ಸೋಮೇಶ ಹಿಂದೆ ಓಡಿದ.

ಅಂದೇ ಖಾಸಿಂಸಾಬ ಹೊಸ ಪ್ಲೇಟ್ ಮಾಡಿಸಿ, ಸಕ್ರಪ್ಪನ ಹೆಸರು ಮೊದಲ ಸಾಲಿಗೆ ಹಾಕಿ, ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಿದ. ಅಂದಪ್ಪ ಕಾಗದದ ಖರ್ಚಿನ ಬಗ್ಗೆ ಬಾಯಿ ಬಿಡಲಿಲ್ಲ. ಗುರುವಾರ ಖಾಸಿಂಸಾಬ ಹೊಸ ಕಾರ್ಡು ಹಿಡಿದು ತಾನೇ ಅಡರಕಟ್ಟಿಗೆ ಹೋದ. ಸಕ್ರಪ್ಪ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟ, ಚಹಾ ಕೊಟ್ಟ, ಕಾರ್ಡು ಮಾತ್ರ ಮುಟ್ಟಲಿಲ್ಲ.

“ಎರಡನೇ ಸಲ ಅಚ್ಚು ಹಾಕಿದ ಹೆಸರು ಐತಲ್ಲ, ಅದು ಎರಡನೇದ,” ಎಂದ. “ನೀ ದಣದು ಬಂದಿ. ಬಸ್ ಐತಿ ಈಗ, ಹೋಗು.”

ಧಾರೆಗೆ ಶೃತಿಯ ತಾಯಿ ದುರಗವ್ವನ ಅಣ್ಣ ನಿಂತ. ಕಾರ್ಡಿನ ಮೊದಲ ಹೆಸರಿನವನ ಕುರ್ಚಿ ಖಾಲಿ ಉಳಿಯಿತು. ಖಾಸಿಂಸಾಬ ಹಿಂದಿನ ಸಾಲಿನಲ್ಲಿ ಕುಳಿತು ಉಣ್ಣದೆ ಎದ್ದು ಬಂದ.

ಆ ಹುಡುಗ ಸೋಮೇಶ ಒಂದು ದಿನವಾದರೂ ಪ್ರೆಸ್ಸಿಗೆ ಬಂದು ಬೈಯಬಹುದಿತ್ತು. ಕೊರಳಪಟ್ಟಿ ಹಿಡಿಯಬಹುದಿತ್ತು. ಖಾಸಿಂಸಾಬ ಅದಕ್ಕಾಗಿ ಎಷ್ಟೋ ದಿನ ಬಾಗಿಲ ಕಡೆ ನೋಡುತ್ತ ಕಾದ. ಬಂದರೆ ತಾನೂ ಒದರಿ, ಅತ್ತು, ಹಗುರಾಗಬಹುದಿತ್ತು. ಬರಲಿಲ್ಲ. ಮೊನ್ನೆ ಗದಗ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕ.

“ಆರಾಮ ಅದೀರೇನ್ರಿ ಕಾಕಾ?”

“ಹೂಂನಪಾ. ಸೋಮೇಶ, ಆವತ್ತಿನ ಆ ಮಾತು—”

“ಬಸ್ ಬಂತ್ರಿ ಕಾಕಾ. ಬರ್ತೇನಿ,” ಎಂದು ನಕ್ಕು, ನಾಗಾವಿಯ ಬಸ್ ಹತ್ತಿಹೋದ.